ಅಕ್ಕರೆ ಬೇಕು ಎಂದ ಹುಡುಗ: ಒಂದೇ ಗ್ರಾಫ್, ಎರಡು ಹೆಸರು

ಆ ತಾಯಿ ಕುರ್ಚಿಯಲ್ಲಿ ಕೂರುವ ಮೊದಲೇ ಎರಡು ಕಾಗದಗಳನ್ನು ನನ್ನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು.

"ಮೇಡಂ, ಹದಿನೆಂಟು ದಿನದಲ್ಲಿ ನನ್ನ ಮಗನ ಕಿವಿ ಮೈಲ್ಡ್‌ನಿಂದ ಮಾಡರೇಟ್‌ಗೆ ಹೋಗಿದೆ. ಹೀಗೇ ಹೋದರೆ ದೀಪಾವಳಿ ಹೊತ್ತಿಗೆ ಪೂರ್ತಿ ಕಿವುಡಾಗಿಬಿಡ್ತಾನಾ?"

ಒಂದು ಕಾಗದ ಅವರ ಊರಿನ ಕ್ಲಿನಿಕ್‌ನದು. ಇನ್ನೊಂದು ಹಿಂದಿನ ದಿನ ನಾನೇ ಮಾಡಿದ ಪರೀಕ್ಷೆಯದು. ತಪ್ಪು ನನ್ನದೂ ಇತ್ತು. ಅವತ್ತು ಸಂಜೆಯಾಗಿತ್ತು, ಅವರಿಗೆ ಕೊನೆ ಬಸ್ಸಿನ ಅವಸರ. "ನಾಳೆ ಬನ್ನಿ, ವಿವರವಾಗಿ ಹೇಳ್ತೀನಿ" ಎಂದು ರಿಪೋರ್ಟನ್ನು ಕೈಗೆ ಕೊಟ್ಟು ಕಳಿಸಿದ್ದೆ. ಆಡಿಯೋಗ್ರಾಮ್ ಎನ್ನುವ ಈ ಕಿವಿ ಪರೀಕ್ಷೆಯ ಗ್ರಾಫನ್ನು ವಿವರಿಸದೆ ಕೊಟ್ಟು ಕಳಿಸಿದರೆ ಮನೆಯಲ್ಲಿ ಆ ರಾತ್ರಿ ಯಾರಿಗೂ ನಿದ್ದೆ ಬರುವುದಿಲ್ಲ. ಇಷ್ಟು ವರ್ಷ ಆಡಿಯಾಲಜಿಸ್ಟ್ ಆಗಿ ಕೆಲಸ ಮಾಡಿಯೂ ಅದನ್ನು ಮರೆತಿದ್ದೆ.

ರಿಪೋರ್ಟಿನ ಹಿಂಬದಿಯಲ್ಲಿ ತಂದೆ ಪೆನ್ನಿನಲ್ಲಿ ಒಂದು ಲೆಕ್ಕ ಹಾಕಿದ್ದರು. ಬಲಗಿವಿಯ ಸರಾಸರಿ 42.5 ಎಂದು ನಾನು ಬರೆದಿದ್ದೆ. ಅವರು 100ರಲ್ಲಿ ಅದನ್ನು ಕಳೆದು 57.5 ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು. ಮಗನ ಕಿವಿ ಇನ್ನು 57.5 ಪರ್ಸೆಂಟ್ ಉಳಿದಿದೆ ಎಂದು ಅವರ ಲೆಕ್ಕ.

ಹುಡುಗನಿಗೆ ಐದೂವರೆ ವರ್ಷ, ಯುಕೆಜಿ. ತಂದೆಗೆ ತೆಂಗಿನ ತೋಟ. ಜೊತೆಗೆ ತಂದೆಯ ತಾಯಿಯೂ ಬಂದಿದ್ದರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಯಾವ ದೂರಿಗೆ ಪರೀಕ್ಷೆ ಮಾಡಿಸಿದರು ಎನ್ನುವುದನ್ನು ಮೊದಲು ಹೇಳಬೇಕು. ಅವನು ಮಾತಾಡುತ್ತಿದ್ದ, ಜಾಸ್ತಿಯೇ ಮಾತಾಡುತ್ತಿದ್ದ. ಆದರೆ ಮಾತು ಮಸುಕು. ಹಾಲಿಗೆ ಸಕ್ಕರೆ ಹಾಕು ಎನ್ನುವುದಕ್ಕೆ "ಅಕ್ಕರೆ ಆಕು" ಅನ್ನುತ್ತಿದ್ದ. ಮನೆಯವರಿಗೆಲ್ಲ ಅದು ಮುದ್ದು. "ನಮ್ಮ ಕೂಸಿಗೆ ಅಕ್ಕರೆನೇ ಬೇಕಂತೆ" ಎಂದು ಅಜ್ಜಿ ನೆಂಟರ ಮುಂದೆಲ್ಲ ಹೇಳಿಸುತ್ತಿದ್ದರು. ಶಾಲೆಯ ಟೀಚರ್ ಮಾತ್ರ, "ಇವನು ಹಿಂದಿನ ಸಾಲಲ್ಲಿ ಕೂತರೆ ಹೇಳಿದ್ದನ್ನು ಕೇಳಿಸಿಕೊಳ್ಳೋದಿಲ್ಲ, ಪಕ್ಕದವನನ್ನು ನೋಡಿ ಬರೀತಾನೆ" ಎಂದು ಡೈರಿಯಲ್ಲಿ ಬರೆದಿದ್ದರು.

ನಾನು ಗ್ರಾಫನ್ನು ತಂದೆಯ ಕಡೆ ತಿರುಗಿಸಿದೆ. "ತೋಟದಲ್ಲಿ ಬೋರ್ ಕೊರೆಸಿದ್ದೀರಾ?"

"ಮೂರು."

"ನೀರು ಎಷ್ಟು ಅಡಿಗೆ ಸಿಕ್ಕಿತು?"

"ಒಂದು 280, ಒಂದು 420. ಒಂದು ಫೇಲು."

"280 ಅಡಿಗೆ ಸಿಕ್ಕಿತು ಅಂದರೆ 280 ಪರ್ಸೆಂಟ್ ನೀರು ಹೋಗಿದೆ ಅಂತಲಾ?"

ಅವರು ನಕ್ಕರು. ಅಲ್ಲಿಂದ ಮಾತು ಸಲೀಸಾಯಿತು.

ಆಡಿಯೋಗ್ರಾಮ್ ಹೇಳುವುದು ಆಳವನ್ನು. ಗ್ರಾಫಿನ ಮೇಲ್ತುದಿಯಲ್ಲಿ ತೀರಾ ಮೆಲ್ಲನೆಯ ಸದ್ದು. ಕೆಳಗಿಳಿದ ಹಾಗೆ ಸದ್ದು ಜೋರಾಗುತ್ತದೆ. ನಾವು ಹುಡುಗನಿಗೆ ಹೆಡ್‌ಫೋನ್ ಹಾಕಿ, ಪೀಂ ಎನ್ನುವ ಸದ್ದು ಕೇಳಿದ ಕೂಡಲೇ ಒಂದು ಮರದ ತುಂಡನ್ನು ಡಬ್ಬಿಗೆ ಹಾಕಬೇಕು ಎಂದು ಆಟ ಕಲಿಸುತ್ತೇವೆ. ಅವನು ಹಾಕಿದರೆ ಸದ್ದನ್ನು 10 ಡೆಸಿಬಲ್ ತಗ್ಗಿಸುತ್ತೇವೆ, ಹಾಕದಿದ್ದರೆ 5 ಏರಿಸುತ್ತೇವೆ. ಹೀಗೆ ಇಳಿದು ಹತ್ತಿ, ಅವನಿಗೆ ಅರ್ಧದಷ್ಟು ಸಲವಾದರೂ ಕೇಳುವ ಅತಿ ಮೆಲ್ಲನೆಯ ಸದ್ದು ಯಾವುದೋ ಅಲ್ಲಿ ಗುರುತು ಹಾಕುತ್ತೇವೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ. ಎಷ್ಟು ಆಳಕ್ಕೆ ಹೋದಾಗ ನೀರು ಸಿಕ್ಕಿತು ಎಂಬುದೇ ಆ ಗುರುತು.

ಎಡದಿಂದ ಬಲಕ್ಕೆ ಹೋಗುವುದು ಹಾರ್ಮೋನಿಯಂ ಮನೆಗಳ ಹಾಗೆ. ಎಡಕ್ಕೆ 250 ಹರ್ಟ್ಜ್, ದಪ್ಪ ದನಿ. ಬಲತುದಿಗೆ 8000, ಕೀಚಲು ದನಿ. ಅಂದರೆ ಒಂದೇ ಬೋರ್ ಅಲ್ಲ, ಪ್ರತಿ ಕಿವಿಗೂ ಸಾಲಾಗಿ ಆರು ಬೋರ್ ಕೊರೆದ ಹಾಗೆ. ಒಂದೊಂದರಲ್ಲೂ ನೀರಿನ ಆಳ ಬೇರೆ.

"ಸೊನ್ನೆ ಅಂದರೆ?" ಎಂದರು ತಾಯಿ. ಒಳ್ಳೆಯ ಪ್ರಶ್ನೆ. ಸೊನ್ನೆ ಡೆಸಿಬಲ್ ಎಂದರೆ ಸದ್ದೇ ಇಲ್ಲ ಎಂದಲ್ಲ. ಕಿವಿ ಚೆನ್ನಾಗಿರುವ ಹರೆಯದವರಿಗೆ ಸರಾಸರಿಯಾಗಿ ಇನ್ನೇನು ಕೇಳಿತು ಎನ್ನುವಷ್ಟು ಮೆಲ್ಲನೆಯ ಸದ್ದು ಅದು. ಅದಕ್ಕಿಂತ ಮೆಲ್ಲನೆಯದು ಕೇಳುವವರೂ ಇದ್ದಾರೆ. ಅದಕ್ಕೇ ಗ್ರಾಫ್ ಸೊನ್ನೆಗಿಂತ ಮೇಲೆ, ಮೈನಸ್ 10ರಿಂದ ಶುರುವಾಗುತ್ತದೆ. ಕೆಳಗೆ 120ರವರೆಗೂ ಹೋಗುತ್ತದೆ. 100ಕ್ಕೆ ಮುಗಿಯುವ ಅಳತೆಯೇ ಅಲ್ಲ ಅಂದಮೇಲೆ ಪರ್ಸೆಂಟ್ ಎಲ್ಲಿಂದ ಬರಬೇಕು?

ಬೋರ್‌ವೆಲ್ ಹೋಲಿಕೆ ಇಲ್ಲಿ ಒಂದು ಕಡೆ ಕೈಕೊಡುತ್ತದೆ, ಅದನ್ನೂ ಹೇಳಿದೆ. ಅಡಿ ಎಲ್ಲ ಒಂದೇ ಉದ್ದ. ಡೆಸಿಬಲ್ ಹಾಗಲ್ಲ. ಗ್ರಾಫಿನಲ್ಲಿ ಪ್ರತಿ 20 ಡೆಸಿಬಲ್ ಕೆಳಗೆ ಹೋದಾಗ ಸದ್ದಿನ ಒತ್ತಡ 10 ಪಟ್ಟಾಗುತ್ತದೆ. 20ರಿಂದ 60ಕ್ಕೆ ಹೋದರೆ ಮೂರು ಪಟ್ಟಲ್ಲ, 100 ಪಟ್ಟು. ಕಿವಿಗೆ ಅಷ್ಟು ಅನ್ನಿಸುವುದಿಲ್ಲ ನಿಜ. ಸುಮಾರು 10 ಡೆಸಿಬಲ್ ಏರಿದಾಗ ಸದ್ದು ಎರಡರಷ್ಟು ಜೋರಾಯಿತು ಎಂದು ನಮಗೆ ತೋರುತ್ತದೆ. ಆದರೂ ಈ ಅಂಕಿಗಳನ್ನು ಅಂಗಡಿ ಲೆಕ್ಕದ ಹಾಗೆ ಕೂಡಿ ಕಳೆದು ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ.

ಈಗ ಹದಿನೆಂಟು ದಿನದ ಪ್ರಶ್ನೆಗೆ ಬಂದೆ. ಎರಡೂ ಕಾಗದಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಗೆರೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಕೂತವು. ಒಂದೆರಡು ಕಡೆ 5 ಡೆಸಿಬಲ್ ವ್ಯತ್ಯಾಸ, ಅಷ್ಟೇ. ಅದೇ ಮಗುವಿಗೆ ಅದೇ ದಿನ ಎರಡು ಸಲ ಪರೀಕ್ಷೆ ಮಾಡಿದರೂ ಅಷ್ಟು ಆಚೀಚೆ ಆಗುತ್ತದೆ. ನಾವು ಅಳೆಯುವ ಹೆಜ್ಜೆಯೇ 5ರದು.

ಬಲಗಿವಿಯ ಅಂಕಿಗಳು ಇವು: 250ರಲ್ಲಿ 15, 500ರಲ್ಲಿ 20, 1000ದಲ್ಲಿ 30, 2000ದಲ್ಲಿ 55, 4000ದಲ್ಲಿ 65, 8000ದಲ್ಲಿ 70. ಎಡಗಿವಿಯೂ ಸುಮಾರು ಹೀಗೆಯೇ, 4000ದಲ್ಲಿ ಮಾತ್ರ 70.

ಊರಿನ ಕ್ಲಿನಿಕ್‌ನವರು 500, 1000, 2000 ಈ ಮೂರರ ಸರಾಸರಿ ತೆಗೆದಿದ್ದರು. 20, 30, 55 ಕೂಡಿ ಮೂರರಿಂದ ಭಾಗಿಸಿದರೆ 35. ನಮ್ಮಲ್ಲಿ ಬಹಳ ಕಡೆ ಇನ್ನೂ ಬಳಸುವ ಹಳೆಯ ಪಟ್ಟಿಯಲ್ಲಿ 26ರಿಂದ 40ರವರೆಗೆ ಮೈಲ್ಡ್, ಅಂದರೆ ಅಲ್ಪ. ಅವರು ಹಾಗೆ ಬರೆದರು. ನಾನು 4000ವನ್ನೂ ಸೇರಿಸಿದ್ದೆ. 170ನ್ನು ನಾಲ್ಕರಿಂದ ಭಾಗಿಸಿದರೆ 42.5. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪಟ್ಟಿಯಲ್ಲಿ 20ರಿಂದ 35ರ ಒಳಗೆ ಅಲ್ಪ, 35ರಿಂದ 50ರ ಒಳಗೆ ಮಾಡರೇಟ್, ಅಂದರೆ ಮಧ್ಯಮ. ನಾನು ಅದನ್ನು ಬರೆದೆ. ಅವರದ್ದೂ ತಪ್ಪಲ್ಲ, ನನ್ನದೂ ತಪ್ಪಲ್ಲ. ಕಿವಿ ಅಲ್ಲೇ ಇದೆ, ಹೆಸರು ಬದಲಾಗಿದೆ.

ತಾಯಿ ಉಸಿರು ಬಿಟ್ಟದ್ದು ಕೇಳಿಸಿತು. ಒಂದು ಕ್ಷಣ ಬಿಟ್ಟು ಅಂದರು: "ಹಾಗಾದರೆ ಮೈಲ್ಡೇ ಅಂತ ಇಟ್ಕೊಳ್ಳೋಣ ಅಲ್ವಾ?"

ಇಲ್ಲೇ ಎಚ್ಚರ ಬೇಕಾದದ್ದು. ಹೆದರಿದವರಿಗೆ ಸಮಾಧಾನ ಹೇಳುವ ಭರದಲ್ಲಿ ಈ ಜಾಗದಲ್ಲಿ ನಾನೂ ಎಡವಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದ್ದೇ ಗ್ರಾಫ್ ನೋಡಿ ಒಬ್ಬ ತಂದೆಗೆ "ಸ್ವಲ್ಪ ಮಾತ್ರ ಇದೆ" ಎಂದಿದ್ದೆ. ಅವರು ಆ "ಸ್ವಲ್ಪ"ವನ್ನು ನಂಬಿ ಮನೆಗೆ ಹೋದರು. ಮತ್ತೆ ಬಂದದ್ದು ಎರಡು ವರ್ಷ ಬಿಟ್ಟು, ಮಗಳು ಒಂದನೇ ತರಗತಿಯಲ್ಲಿ ಓದಲಾಗದೆ ಕೂತಾಗ.

ಸರಾಸರಿಯ ತೊಂದರೆ ಏನೆಂದರೆ, ಅದು ಗೆರೆಯ ಆಕಾರವನ್ನು ಮುಚ್ಚಿಹಾಕುತ್ತದೆ. ಎಲ್ಲ ಕಡೆಯೂ ಸಮನಾಗಿ 40 ಇರುವ ಮಗು ಬೇರೆ. ಎಡಗಡೆ 15 ಇದ್ದು ಬಲಗಡೆ 70ಕ್ಕೆ ಜಾರುವ ಈ ಹುಡುಗ ಬೇರೆ. ಮೊದಲನೆಯ ಮಗುವಿಗೆ ಮಾತೆಲ್ಲ ಮೆಲ್ಲಗೆ ಕೇಳುತ್ತದೆ. ಇವನಿಗೆ ಮಾತಿನ ಅರ್ಧ ಚೆನ್ನಾಗಿಯೇ ಕೇಳುತ್ತದೆ, ಇನ್ನರ್ಧ ಕೇಳುವುದೇ ಇಲ್ಲ.

ಅಜ್ಜಿಗೆ ಇದು ಒಪ್ಪಿಗೆಯಾಗಲಿಲ್ಲ. "ಹಿಂದಿನಿಂದ ಕರೆದ್ರೆ ತಿರುಗ್ತಾನೆ ಕಣವ್ವ. ಕುಕ್ಕರ್ ಕೂಗಿದ್ರೆ ಓಡಿಬಂದು ಹೇಳ್ತಾನೆ. ಅದೆಂಗೆ ಕೇಳಕ್ಕಿಲ್ಲ ಅಂತೀಯ?"

ಅಜ್ಜಿ ಹೇಳಿದ್ದರಲ್ಲಿ ಸುಳ್ಳಿಲ್ಲ. ಹೆಸರು ಹಿಡಿದು ಕರೆದಾಗ ಅದರಲ್ಲಿರುವ ಸ್ವರಗಳು ಎಡಗಡೆಯವು, ಜೋರಿನವು. ಅಷ್ಟಕ್ಕೇ ಅವನು ತಿರುಗುತ್ತಾನೆ. ಕುಕ್ಕರಿನ ಸೀಟಿ ಕೀಚಲೇ, ಆದರೆ ಅದು 70ನ್ನೂ ದಾಟಿಸುವಷ್ಟು ಜೋರು. "ತಂಗಿಯ ಕಾಲ್ಗೆಜ್ಜೆ ಸದ್ದಿಗೆ ತಿರುಗ್ತಾನಾ ಅಜ್ಜಿ?" ಎಂದು ಕೇಳಿದೆ. ಅಜ್ಜಿ ಸೊಸೆಯ ಮುಖ ನೋಡಿದರು. ಇಬ್ಬರೂ ಅದನ್ನು ಗಮನಿಸಿರಲಿಲ್ಲ.

ಗ್ರಾಫಿನ ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಬಾಳೆಹಣ್ಣು ಬರೆದೆ. ನಾವು ಇದನ್ನು ಸ್ಪೀಚ್ ಬನಾನಾ ಅಂತಲೇ ಕರೆಯುವುದು. ಒಂದು ಮೀಟರ್ ದೂರದಲ್ಲಿ ಕೂತು ಮಾಮೂಲಿ ದನಿಯಲ್ಲಿ ಮಾತಾಡಿದರೆ ಮಾತಿನ ಸದ್ದುಗಳೆಲ್ಲ ಈ ಬಾಳೆಹಣ್ಣಿನೊಳಗೆ ಬೀಳುತ್ತವೆ, ಸುಮಾರು 20ರಿಂದ 55 ಡೆಸಿಬಲ್ ನಡುವೆ. ಮ, ನ, ಊ ಎಡಗಡೆ. "ಆ" ನಡುವಿಗೆ. ಕ, ತ, ಚ, ಶ ಬಲಗಡೆ. ಸ ಬಲತುದಿಗೆ, ಅದೂ ತೀರಾ ಮೇಲೆ, 25ರ ಸುತ್ತಮುತ್ತ. ಆಮೇಲೆ ಹುಡುಗನ ಗೆರೆಯನ್ನು ಕೆಂಪು ಪೆನ್ನಿನಲ್ಲಿ ಗಟ್ಟಿ ಮಾಡಿದೆ. ಗೆರೆಗಿಂತ ಕೆಳಗಿರುವ ಸದ್ದು ಅವನಿಗೆ ಕೇಳುತ್ತದೆ, ಮೇಲಿರುವುದು ಕೇಳುವುದಿಲ್ಲ. ಬಾಳೆಹಣ್ಣಿನ ಎಡ ಅರ್ಧ ಗೆರೆಯ ಕೆಳಗೆ ಉಳಿಯಿತು. ಬಲ ಅರ್ಧ ಪೂರ್ತಿ ಮೇಲೆ. ಸ ಅವನನ್ನು ಮುಟ್ಟಲು ಇನ್ನೂ 40 ಡೆಸಿಬಲ್ ಬೇಕು.

ಕಾಗದದ ಮೇಲಿನದನ್ನು ಯಾರಾದರೂ ಒಪ್ಪಬಹುದು, ನಂಬುವುದು ಕಷ್ಟ. ಹಾಗಾಗಿ ಹುಡುಗನನ್ನು ಒಳಗೆ ಕರೆದೆ. ನನ್ನ ಬಳಿ ಕಸೂತಿ ಹಾಕುವ ರಿಂಗಿಗೆ ಸ್ಪೀಕರ್ ಬಟ್ಟೆ ಬಿಗಿದ ಒಂದು ಪರದೆ ಇದೆ. ಬಾಯಿಗೆ ಕೈ ಅಡ್ಡ ಹಿಡಿದರೆ ಕೀಚಲು ಸದ್ದುಗಳು ಅಲ್ಲೇ ತಡೆದು ಪರೀಕ್ಷೆ ಕೆಡುತ್ತದೆ. ಈ ಬಟ್ಟೆ ತುಟಿಯನ್ನು ಮುಚ್ಚುತ್ತದೆ, ಸದ್ದನ್ನು ಬಿಡುತ್ತದೆ. ಒಂದು ಮೀಟರ್ ದೂರದಲ್ಲಿ ಕೂತು, ಪರದೆ ಹಿಡಿದು, ಆರು ಸದ್ದುಗಳನ್ನು ಒಂದೊಂದಾಗಿ ಹೇಳಿದೆ. ಲಿಂಗ್ ಸದ್ದುಗಳು ಎಂದು ಇವಕ್ಕೆ ಹೆಸರು. ಮಾತಿನ ಎಡದಿಂದ ಬಲದವರೆಗಿನ ಹರವನ್ನು ಈ ಆರೇ ಸದ್ದುಗಳಲ್ಲಿ ತಡಕಿ ನೋಡಬಹುದು. ಅವನು ಕೇಳಿದ್ದನ್ನು ತಿರುಗಿ ಹೇಳಬೇಕು.

ಮ್. "ಮ್" ಎಂದ.

ಆ. "ಆ" ಎಂದ.

ಊ. "ಊ" ಎಂದ.

ಈ ಎಂದೆ. ಅವನು ಮತ್ತೆ "ಊ" ಎಂದ.

ಶ್ ಎಂದಾಗ ಒಂದು ಸಲ ತಲೆ ಎತ್ತಿದ, ಎರಡನೇ ಸಲ ಸುಮ್ಮನಿದ್ದ. ಸ್ ಎಂದೆ. ಮೂರು ಸಲ ಎಂದೆ. ಅವನು ಪರದೆಯನ್ನೇ ನೋಡುತ್ತ, ಯಾವಾಗ ಹೇಳ್ತೀರಿ ಎನ್ನುವ ಹಾಗೆ ಕಾಯುತ್ತಿದ್ದ.

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಈ" ಹೋಗಿ "ಊ" ಆದದ್ದು ನಿರ್ಲಕ್ಷ್ಯದಿಂದಲ್ಲ. ಎರಡು ಸ್ವರಗಳಿಗೂ ತಳದಲ್ಲಿ ಒಂದು ದಪ್ಪ ದನಿ ಇದೆ, ಅದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. "ಈ"ಯನ್ನು "ಈ" ಮಾಡುವುದು 2000 ಹರ್ಟ್ಜ್ ಆಚೆಗಿರುವ ಅದರ ಇನ್ನೊಂದು ಭಾಗ. ಇವನಿಗೆ ಆ ಭಾಗ ಸಿಗುವುದಿಲ್ಲ. ಉಳಿದದ್ದು ಊ ಥರವೇ ಕೇಳುತ್ತದೆ. ಸಕ್ಕರೆ ಅಕ್ಕರೆಯಾದದ್ದೂ ಹೀಗೆಯೇ. ಅವನು ತಪ್ಪಾಗಿ ಹೇಳುತ್ತಿರಲಿಲ್ಲ, ಕೇಳಿದ್ದನ್ನು ಸರಿಯಾಗಿಯೇ ಹೇಳುತ್ತಿದ್ದ.

"ಇನ್ನು ಮೇಲೆ ಜೋರಾಗಿ ಮಾತಾಡ್ತೀವಿ" ಎಂದರು ತಂದೆ. ಎಲ್ಲ ಮನೆಯಲ್ಲೂ ಮೊದಲು ಹೊಳೆಯುವ ಉಪಾಯ ಇದು. ಆದರೆ ಕೂಗಿದಾಗ ಬೆಳೆಯುವುದು ಸ್ವರಗಳು. ಸ, ತ, ಕ ಅಷ್ಟು ಬೆಳೆಯುವುದಿಲ್ಲ. ಬೇಕಿದ್ದರೆ ಈಗಲೇ ಕೂಗಿ ನೋಡಿ, ಸ್ ಎನ್ನುವುದನ್ನು ಎಷ್ಟು ಜೋರು ಮಾಡಬಲ್ಲಿರಿ? ಕೂಗುವುದಕ್ಕಿಂತ ಹತ್ತಿರ ಬರುವುದು ಮೇಲು. ಬಯಲಿನಲ್ಲಿ ದೂರ ಎರಡರಷ್ಟಾದಾಗ ಸದ್ದು 6 ಡೆಸಿಬಲ್ ತಗ್ಗುತ್ತದೆ. ಒಂದು ಮೀಟರಿನಿಂದ ನಾಲ್ಕು ಮೀಟರ್ ದೂರದ ಬೆಂಚಿಗೆ ಹೋಗುವಾಗ 12 ಹೋಯಿತು. ಕೋಣೆಯೊಳಗೆ ಗೋಡೆಗಳ ಪ್ರತಿಧ್ವನಿ ಸೇರಿ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಆದರೆ ಅಲ್ಲಿ ಮೂವತ್ತು ಮಕ್ಕಳ ಗಲಾಟೆಯೂ ಸೇರುತ್ತದೆ. ಟೀಚರ್ ಡೈರಿಯಲ್ಲಿ ಬರೆದದ್ದು ಇದೇ.

ಅಜ್ಜಿಯ ಮುಂದಿನ ಪ್ರಶ್ನೆ ನಿರೀಕ್ಷಿತ. "ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ರೆ ಬಿಟ್ಕೊಳಲ್ವಾ?" ಇದಕ್ಕೂ ಉತ್ತರ ಗ್ರಾಫಿನಲ್ಲೇ ಇದೆ. ಹೆಡ್‌ಫೋನ್ ಪರೀಕ್ಷೆಯಾದ ಮೇಲೆ ಕಿವಿಯ ಹಿಂದಿನ ಮೂಳೆಗೆ ಒಂದು ಸಣ್ಣ ಕಂಪಕ ಇಟ್ಟು ಮತ್ತೆ ಅಳೆದಿದ್ದೆವು. ಅದು ಕಿವಿಯ ತೂತು, ತಮಟೆ, ಅದರ ಹಿಂದಿನ ಪುಟ್ಟ ಮೂಳೆಗಳನ್ನೆಲ್ಲ ಬಿಟ್ಟು ಸದ್ದನ್ನು ನೇರ ಒಳಗಿವಿಗೆ ಮುಟ್ಟಿಸುತ್ತದೆ. ಗುಗ್ಗೆಯೋ ನೆಗಡಿಯಿಂದ ಕಟ್ಟಿದ ನೀರೋ ತಡೆಯಾಗಿದ್ದರೆ ಈ ಅಳತೆ ಚೆನ್ನಾಗಿ ಬಂದು ಎರಡು ಗೆರೆಗಳ ನಡುವೆ ಅಂತರ ಕಾಣಬೇಕಿತ್ತು. ಇಲ್ಲಿ ಎರಡೂ ಒಂದರ ಮೇಲೊಂದು ಕೂತಿವೆ. ತಮಟೆಯ ಅಲುಗಾಟ ನೋಡುವ ಪರೀಕ್ಷೆಯೂ ಸರಿಯಾಗಿದೆ. ಅಂದರೆ ದಾರಿಯಲ್ಲಿ ತಡೆ ಇಲ್ಲ. ತೊಂದರೆ ಒಳಗಿವಿಯಲ್ಲೋ ನರದಲ್ಲೋ ಇದೆ. ಎಣ್ಣೆ ಅಲ್ಲಿಗೆ ತಲುಪುವುದಿಲ್ಲ. ಬಿಸಿ ಎಣ್ಣೆಯಿಂದ ಚೆನ್ನಾಗಿರುವ ತಮಟೆ ಸುಡಬಹುದು, ಅಷ್ಟೇ.

ಅಜ್ಜಿ ಹುಡುಗನನ್ನು ಕರೆದುಕೊಂಡು ಹೊರಗೆ ಹೋದ ಮೇಲೆ ತಾಯಿ ದನಿ ತಗ್ಗಿಸಿದರು. "ನಾವು ಸಂಬಂಧದಲ್ಲೇ ಮದುವೆ ಆಗಿರೋದು, ಸೋದರಮಾವನ ಮಗ. ಅದಕ್ಕೇ ಹೀಗಾಯ್ತಾ?" ಈ ಗ್ರಾಫ್ ಎಷ್ಟು, ಎಲ್ಲಿ ಎಂದು ಹೇಳುತ್ತದೆ. ಯಾಕೆ ಎಂದು ಹೇಳುವುದಿಲ್ಲ. ರಕ್ತಸಂಬಂಧದ ಮದುವೆಯಲ್ಲಿ ಕೆಲವು ಬಗೆಯ ಹುಟ್ಟುಕಿವುಡಿನ ಸಾಧ್ಯತೆ ಹೆಚ್ಚುವುದು ನಿಜ. ಆದರೆ ಈ ಮಗುವಿನಲ್ಲಿ ಅದೇ ಕಾರಣ ಎಂದು ಗೆರೆ ನೋಡಿ ಹೇಳಲು ಬರುವುದಿಲ್ಲ. ಇಎನ್‌ಟಿ ವೈದ್ಯರ ಬಳಿ, ಬೇಕಾದರೆ ಜೆನೆಟಿಕ್ ಪರೀಕ್ಷೆಗೆ ಕಳಿಸಬಹುದು ಎಂದೆ. ಇನ್ನೂ ಜಾಸ್ತಿಯಾಗುತ್ತದೋ ಇಲ್ಲೇ ನಿಲ್ಲುತ್ತದೋ ಎಂಬುದೂ ಒಂದು ಗ್ರಾಫಿನಲ್ಲಿ ತಿಳಿಯದು. ಅದಕ್ಕೆ ಮೂರು ತಿಂಗಳಿಗೊಮ್ಮೆ ಅಳೆದು ಸಾಲಾಗಿ ಇಟ್ಟು ನೋಡಬೇಕು.

ತಂದೆ ಅಂಗವಿಕಲರ ಸರ್ಟಿಫಿಕೇಟ್ ಬಗ್ಗೆಯೂ ಕೇಳಿದರು. ಪರ್ಸೆಂಟ್ ಎನ್ನುವ ಮಾತು ನಿಜವಾಗಿ ಬರುವುದು ಅಲ್ಲೇ. ಡೆಸಿಬಲ್ ಅಂಕಿಗಳಿಂದ ಎರಡೂ ಕಿವಿ ಸೇರಿಸಿ ಬೇರೊಂದು ಸೂತ್ರದಲ್ಲಿ ಅದನ್ನು ತೆಗೆಯುತ್ತಾರೆ. 2016ರ ಕಾಯ್ದೆಯಲ್ಲಿ, ಎರಡೂ ಕಿವಿಯಲ್ಲಿ ಮಾತಿನ ಫ್ರೀಕ್ವೆನ್ಸಿಗಳಲ್ಲಿ 60ರಿಂದ 70 ಡೆಸಿಬಲ್ ನಷ್ಟವಿದ್ದರೆ ಮಂದ ಶ್ರವಣ, 70 ಇದ್ದರೆ ಕಿವುಡು. ಈ ಹುಡುಗ ಅದರ ಒಳಗೆ ಬರುವುದಿಲ್ಲ. ಹಾಗೆಂದು ಅವನಿಗೆ ಕಿವಿಯ ಮೆಷಿನ್ ಬೇಡ ಎಂದಲ್ಲ. ಕಾಯ್ದೆಯ ಗೆರೆಯೇ ಬೇರೆ, ಪಾಠ ಕೇಳಿಸುವ ಗೆರೆಯೇ ಬೇರೆ.

ಎರಡೂ ಕಿವಿಗೆ, ಕಿವಿಯ ಹಿಂದೆ ಕೂರುವ ಮೆಷಿನ್ ಹಾಕಿದೆವು. ಅವನ ದಪ್ಪ ದನಿಯ ಕಡೆ ಚೆನ್ನಾಗಿಯೇ ಇರುವುದರಿಂದ ಕಿವಿಯನ್ನು ಪೂರ್ತಿ ಮುಚ್ಚದೆ, ಕಿವಿಯೊಳಗೆ ಕೂರುವ ಅಚ್ಚಿನಲ್ಲಿ ಗಾಳಿಕಿಂಡಿ ಬಿಟ್ಟೆವು. ಇಲ್ಲದಿದ್ದರೆ ತನ್ನ ದನಿಯೇ ಕೊಡದೊಳಗಿಂದ ಬಂದ ಹಾಗೆ ಕೇಳಿ ಮಕ್ಕಳು ಕಿತ್ತೆಸೆಯುತ್ತಾರೆ. ಮೆಷಿನ್ ಜೋರು ಮಾಡುವುದು ಬಲಗಡೆಯ ಸದ್ದುಗಳನ್ನು ಮಾತ್ರ. ಅಚ್ಚಿನ ಪಕ್ಕದಲ್ಲಿ ತೆಳು ಕೊಳವೆ ಇಟ್ಟು, ಸದ್ದು ಕಿವಿಯೊಳಗೆ ನಿಜವಾಗಿ ಎಷ್ಟು ತಲುಪುತ್ತಿದೆ ಎಂದು ಅಳೆದೆವು. ಮಗುವಿನ ಕಿವಿಯ ತೂತು ಸಣ್ಣದು, ಡಬ್ಬಿಯ ಮೇಲೆ ಬರೆದ ಅಂಕಿಯನ್ನು ನಂಬಲಾಗುವುದಿಲ್ಲ.

ಮೂರು ತಿಂಗಳ ನಂತರ ಬಂದರು. ಪರದೆಯ ಹಿಂದಿನಿಂದ ಈ ಎಂದಾಗ ಈ ಎಂದ. ಸ್ ಎಂದಾಗ ನಾಲ್ಕರಲ್ಲಿ ಮೂರು ಸಲ ತುಂಡು ಹಾಕಿದ. ಅಕ್ಕರೆ ಈಗ "ಚಕ್ಕರೆ" ಆಗಿತ್ತು.

ಮೆಷಿನ್ ತೆಗೆದು ಮಾಡಿದ ಹೊಸ ಗ್ರಾಫನ್ನು ತಾಯಿ ನನ್ನ ಕೈಗೂ ಕೊಡದೆ ತಾವೇ ಹಳೆಯದರ ಮೇಲಿಟ್ಟು ಬೆಳಕಿಗೆ ಹಿಡಿದರು. "ಎಡಗಿವಿ, 4000. ಹೋದ ಸಲ 70, ಈಗ 75. ಇದು ಆ ಐದರ ಲೆಕ್ಕವಾ?"

"ಇವತ್ತಿಗೆ ಹೌದು. ಪಕ್ಕಪಕ್ಕದ ಎರಡು ಕಡೆ 10 ಇಳಿದರೆ ನನಗೆ ಫೋನ್ ಮಾಡಿ. ಮೂರು ತಿಂಗಳು ಕಾಯಬೇಡಿ."

ಅವರು ಬ್ಯಾಗಿನಿಂದ ಹಾಲಿನ ಲೆಕ್ಕದ ಪುಸ್ತಕ ತೆಗೆದು, ಕೊನೆಯ ಪುಟದಲ್ಲಿ ತಾರೀಕು ಹಾಕಿ, 75 ಎಂದು ಬರೆದುಕೊಂಡರು.